ಹೆಸರು ಸರಿಯಿದ್ದರೆ ಗಿರಾಕಿ ಹುಡುಕಿಕೊಂಡು ಬರುತ್ತಾರೆ



ಅಂಗಡಿಗೆ ಬಂದ ಗಿರಾಕಿ ಏನೂ ಕೇಳದೆ ಸೀರೆ ಕೊಳ್ಳುವುದಿಲ್ಲ. ಕೈಮಗ್ಗದ್ದೋ ಪವರ್‌ಲೂಮಿನದೋ, ಸೆರಗು ರೇಷ್ಮೆಯದೋ, ಬಣ್ಣ ಬಿಡುತ್ತದೆಯೋ, ಬ್ಲೌಸ್ ಪೀಸ್ ಇದೆಯೋ ಎಂದು ಒಂದೊಂದಾಗಿ ಕೇಳುತ್ತಾರೆ. ನೀವು ಸೀರೆ ಬಿಚ್ಚಿ, ಸೆರಗು ಹರಡಿ ತೋರಿಸುತ್ತೀರಿ. ಆನ್‌ಲೈನಿನಲ್ಲಿ ಆ ಗಿರಾಕಿಯ ಎದುರು ನೀವಿಲ್ಲ. ನಿಮ್ಮ ಪರವಾಗಿ ಮಾತಾಡುವುದು ಫೋಟೋ, ಅದರ ಕೆಳಗಿನ ಒಂದು ಸಾಲಿನ ಹೆಸರು ಮತ್ತು ನಾಲ್ಕು ಸಾಲಿನ ವಿವರ, ಇಷ್ಟೇ. ಫೋಟೋಗೆ ನಾವೆಲ್ಲ ದುಡ್ಡು ಹಾಕುತ್ತೇವೆ. ಹೆಸರು ಮತ್ತು ವಿವರವನ್ನು ಮಾತ್ರ ಗಡಿಬಿಡಿಯಲ್ಲಿ ತುಂಬಿ ಬಿಡುತ್ತೇವೆ. ನನ್ನ ಮಾತು ಆ ಸಾಲುಗಳ ಬಗ್ಗೆ. ಉದಾಹರಣೆಗೆ ಒಂದೇ ಸರಕು ತೆಗೆದುಕೊಳ್ಳುತ್ತೇನೆ, ಇಳಕಲ್ ಸೀರೆ.

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಈ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ, ಅಂದರೆ ಜಿಐ ಟ್ಯಾಗ್ ಇದೆ. ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಬೇರೆ ಬೇರೆ ನೂಲು ಬಳಸಿ, ಎರಡನ್ನೂ ಕುಣಿಕೆಯಂತೆ ಒಂದಕ್ಕೊಂದು ಸೇರಿಸಿ ನೇಯುವುದು ಇದರ ವಿಶೇಷ. ಒಡಲು ಹತ್ತಿಯದಿರಬಹುದು, ರೇಷ್ಮೆಯದಿರಬಹುದು. ಕೆಂಪು ಸೆರಗಿಗೆ ಅಸಲಿ ರೇಷ್ಮೆ ಬಳಸುವವರಿದ್ದಾರೆ, ಅದರ ಬದಲು ಕೃತಕ ರೇಷ್ಮೆ ಹಾಕುವವರೂ ಇದ್ದಾರೆ. ದಡಿಯಲ್ಲಿ ಚಿಕ್ಕಿ ಪರಾಸ, ಗೋಮಿ ಎಂಬ ಬಗೆಗಳಿವೆ. ಮೇಲ್ನೋಟಕ್ಕೆ ಒಂದೇ ರೀತಿ ಕಾಣುವ ಎರಡು ಸೀರೆಗಳ ಬೆಲೆಯಲ್ಲಿ ಸಾವಿರಾರು ರೂಪಾಯಿ ವ್ಯತ್ಯಾಸ ಬರುವುದು ಈ ವಿವರಗಳಿಂದಲೇ. ಹಾಗಿದ್ದೂ ಬಹಳಷ್ಟು ಲಿಸ್ಟಿಂಗ್‌ಗಳಲ್ಲಿ ಇವು ಯಾವುವೂ ಇರುವುದಿಲ್ಲ. "ನ್ಯೂ ಲೇಟೆಸ್ಟ್ ಡಿಸೈನರ್ ಬ್ಯೂಟಿಫುಲ್ ಸ್ಯಾರಿ ಫಾರ್ ವಿಮೆನ್, ಬೆಸ್ಟ್ ಕ್ವಾಲಿಟಿ" ಎಂದಿರುತ್ತದೆ. ಅದನ್ನು ಓದಿದವರಿಗೆ ಅದು ಇಳಕಲ್ಲಿನದೋ ಸೂರತ್ತಿನದೋ ತಿಳಿಯುವುದಿಲ್ಲ.

ತಿಳಿಯದೆ ಹೋಗುವುದು ಓದುಗರಿಗೆ ಮಾತ್ರವಲ್ಲ, ಹುಡುಕಾಟದ ಯಂತ್ರಕ್ಕೂ ತಿಳಿಯುವುದಿಲ್ಲ. ಸೊಸೆಗೆ ಸೀರೆ ಕೊಡಬೇಕೆಂದುಕೊಂಡ ಪುಣೆಯ ಒಬ್ಬ ತಾಯಿ ಹುಡುಕುವಾಗ "ಬ್ಯೂಟಿಫುಲ್" ಎಂದು ಟೈಪ್ ಮಾಡುವುದಿಲ್ಲ. "ಇಳಕಲ್ ಸೀರೆ, ಹಸಿರು, ಕೈಮಗ್ಗ" ಎಂದು ಮಾಡುತ್ತಾರೆ. ಯಂತ್ರ ಆ ಪದಗಳನ್ನು ನಿಮ್ಮ ಹೆಸರಿನ ಸಾಲು ಮತ್ತು ವಿವರದಲ್ಲಿ ಹುಡುಕುತ್ತದೆ. ಪದವೇ ಇಲ್ಲದಿದ್ದರೆ ನಿಮ್ಮ ಸೀರೆ ಎಷ್ಟೇ ಚೆಂದವಿರಲಿ, ಆ ತಾಯಿಯ ಫೋನಿನಲ್ಲಿ ಕಾಣಿಸುವುದು ಕಷ್ಟ.

ಹಾಗಾದರೆ ಸಾಲನ್ನು ಬರೆಯುವುದು ಹೇಗೆ? ಗೂಗಲ್‌ನಲ್ಲಿ ಸರಕು ತೋರಿಸಲು ಕೊಡುವ ಹೆಸರಿಗೆ 150 ಅಕ್ಷರಗಳ ಮಿತಿಯಿದೆ. ಆದರೆ ಹೆಚ್ಚಿನವರಿಗೆ ಕಾಣುವುದು ಮೊದಲ 70 ಅಕ್ಷರ ಅಥವಾ ಅದಕ್ಕಿಂತ ಕಡಿಮೆ. ಉಳಿದದ್ದು ಮೂರು ಚುಕ್ಕಿಗಳ ಹಿಂದೆ ಮರೆಯಾಗುತ್ತದೆ. ಆದ್ದರಿಂದ ಗಿರಾಕಿ ಹುಡುಕುವ ಮಾತು ಮೊದಲು ಬರಬೇಕು. ಸರಕಿನ ಹೆಸರು, ತಯಾರಿಕೆಯ ಬಗೆ, ನೂಲು, ಬಣ್ಣ, ಆಮೇಲೆ ದಡಿ ಮತ್ತು ಬ್ಲೌಸ್ ಪೀಸ್. ಈ ಕ್ರಮದಲ್ಲಿ ಬರೆದರೆ ಹೀಗಾಗುತ್ತದೆ:

```
Ilkal Handloom Saree, Cotton Body, Silk Pallu, Dark Green, Chikki Paras Border, With Blouse Piece
```

ಫೋನಿನ ತೆರೆ ಸಾಲನ್ನು 70 ಅಕ್ಷರಕ್ಕೆ ಕತ್ತರಿಸಿದರೂ ಬಣ್ಣದವರೆಗಿನ ಮಾತು ಉಳಿಯುತ್ತದೆ. "ಫ್ರೀ ಶಿಪ್ಪಿಂಗ್", "ಬೆಸ್ಟ್ ಪ್ರೈಸ್" ಎಂಬುವಕ್ಕೆ ಇಲ್ಲಿ ಜಾಗವಿಲ್ಲ. ಅಂಥ ಪ್ರಚಾರದ ಮಾತನ್ನು ಹೆಸರಿನಲ್ಲಿ ಹಾಕಬೇಡಿ ಎಂಬುದು ಗೂಗಲ್‌ನದೇ ನಿಯಮ. ಊರಿನ ಹೆಸರನ್ನು ಜನ Ilkal ಎಂದೂ Ilakal ಎಂದೂ ಟೈಪ್ ಮಾಡುತ್ತಾರೆ. ಹಾಗೆಂದು ಎರಡನ್ನೂ ಹೆಸರಿನಲ್ಲಿ ತುರುಕಿದರೆ ಓದಲು ಅಸಹ್ಯವಾಗುತ್ತದೆ. ಹೆಚ್ಚು ಬಳಕೆಯದನ್ನು ಹೆಸರಿನಲ್ಲಿಟ್ಟು, ಇನ್ನೊಂದನ್ನು ವಿವರದಲ್ಲಿ ಸಹಜವಾಗಿ ಒಮ್ಮೆ ತನ್ನಿ. ಹುಡುಕುಪದಗಳಿಗೆ ಬೇರೆ ಜಾಗ ಕೊಟ್ಟಿರುವ ತಾಣಗಳಲ್ಲಿ ಅಲ್ಲಿ ತುಂಬಿ.

ಇನ್ನು ವಿವರ. ಹೊಗಳಿಕೆಯ ಪ್ಯಾರಾ ಬರೆಯಬೇಡಿ. ಕೌಂಟರಿನಲ್ಲಿ ಗಿರಾಕಿ ಕೇಳುವ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಬರೆಯಿರಿ. ನಮ್ಮ ಹಸಿರು ಸೀರೆಗೆ ಅದು ಹೀಗಿರಬಹುದು: "ಇಳಕಲ್ಲಿನಲ್ಲಿ ಕೈಮಗ್ಗದಲ್ಲಿ ನೇಯ್ದ ಸೀರೆ. ಒಡಲು ಹತ್ತಿ, ಸೆರಗು ರೇಷ್ಮೆ. ಸೆರಗಿನ ಬಣ್ಣ ಕೆಂಪು, ಅದರಲ್ಲಿ ಬಿಳಿ ವಿನ್ಯಾಸ. ದಡಿ ಚಿಕ್ಕಿ ಪರಾಸ. ಸೀರೆ 5.5 ಮೀಟರ್, ಬ್ಲೌಸ್ ಪೀಸ್ 0.8 ಮೀಟರ್, ಬ್ಲೌಸ್ ಹೊಲಿದಿಲ್ಲ. ಕಸೂತಿ ಇಲ್ಲ. ಮೊದಲ ಸಲ ತಣ್ಣೀರಿನಲ್ಲಿ ಬೇರೆಯಾಗಿ ಒಗೆಯಿರಿ, ಸ್ವಲ್ಪ ಬಣ್ಣ ಬಿಡಬಹುದು. ಕೈಮಗ್ಗದ ನೇಯ್ಗೆಯಾದ್ದರಿಂದ ಅಲ್ಲಲ್ಲಿ ನೂಲಿನ ಸಣ್ಣ ಗಂಟು ಕಾಣಬಹುದು."

ಕೊನೆಯ ಎರಡು ವಾಕ್ಯಗಳನ್ನು ಬರೆಯಲು ನಮ್ಮಲ್ಲಿ ಹಲವರು ಹಿಂಜರಿಯುತ್ತಾರೆ. ಬಣ್ಣ ಬಿಡುತ್ತದೆ ಎಂದರೆ ಯಾರು ಕೊಳ್ಳುತ್ತಾರೆ ಎಂಬ ಭಯ. ಆದರೆ ಅಂಗಡಿಯಲ್ಲಿ ಇದೇ ಮಾತನ್ನು ನೀವು ಬಾಯಿಬಿಟ್ಟು ಹೇಳುತ್ತೀರಿ, ಗಿರಾಕಿ ನಂಬಿ ಕೊಳ್ಳುತ್ತಾರೆ. ಮುಂಚೆ ಹೇಳಿದ ಗಂಟು ಕೈಮಗ್ಗದ ಗುರುತಾಗುತ್ತದೆ, ಹೇಳದೆ ಬಿಟ್ಟ ಗಂಟು ಸೀರೆಯ ದೋಷವಾಗಿ ವಾಪಸ್ಸು ಬರುತ್ತದೆ. "ಕಸೂತಿ ಇಲ್ಲ" ಎಂಬುದೂ ಹಾಗೆಯೇ. ಇಳಕಲ್ ಸೀರೆಯ ಮೇಲೆ ಕಸೂತಿ ಹಾಕಿಸುವ ರೂಢಿ ಇರುವುದರಿಂದ ದೂರದವರು ಅದೂ ಇದೆಯೆಂದು ಎಣಿಸಿಕೊಂಡು ಆರ್ಡರ್ ಮಾಡಬಹುದು.

ಬರೆಯುವ ಮೊದಲು ಸರಕು ನಿಮಗೇ ಖಚಿತವಾಗಿ ಗೊತ್ತಿರಬೇಕು. ಸೆರಗಿನ ನೂಲಿನ ಬಗ್ಗೆ ಅನುಮಾನವಿದ್ದರೆ ಅಂಚಿನಿಂದ ಒಂದೆಳೆ ಎಳೆದು ಸುಟ್ಟು ನೋಡಿ. ಅಸಲಿ ರೇಷ್ಮೆ ಕೂದಲು ಸುಟ್ಟ ವಾಸನೆ ಬಿಡುತ್ತದೆ, ಅದರ ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ರೇಯಾನ್ ಹತ್ತಿಯಂತೆಯೇ, ಕಾಗದ ಸುಟ್ಟ ವಾಸನೆಯಲ್ಲಿ ಉರಿಯುತ್ತದೆ. ಎರಡು ಬಗೆಯ ನೂಲು ಬೆರೆತಿದ್ದರೆ ಈ ಪರೀಕ್ಷೆ ಸಾಲದು, ಆಗ ನೇಕಾರರನ್ನೋ ಸಗಟು ವ್ಯಾಪಾರಿಯನ್ನೋ ಕೇಳಿ ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಕೃತಕ ರೇಷ್ಮೆಯಾದರೆ "ಆರ್ಟ್ ಸಿಲ್ಕ್" ಎಂದೇ ಬರೆಯಿರಿ. ಅದನ್ನೇ ಬಯಸುವ, ಕಡಿಮೆ ಬೆಲೆ ಹುಡುಕುವ ಗಿರಾಕಿಗಳು ಬೇಕಾದಷ್ಟಿದ್ದಾರೆ. "ಸಿಲ್ಕ್ ಮಾರ್ಕ್", "ಹ್ಯಾಂಡ್‌ಲೂಮ್ ಮಾರ್ಕ್" ಎಂದು ಹಾಕಬೇಕಾದರೆ ಆ ಲೇಬಲ್ ನಿಮ್ಮ ಕೈಯಲ್ಲಿರುವ ಸೀರೆಗೇ ಹೊಲಿದಿರಬೇಕು ಅಥವಾ ಕಟ್ಟಿರಬೇಕು.

ಉತ್ಪ್ರೇಕ್ಷೆಯಿಂದ ಆಗುವ ನಷ್ಟವನ್ನು ಲೆಕ್ಕ ಹಾಕಿಯೇ ನೋಡೋಣ. ಒಂದು ಸೀರೆ ಮಾರಿದರೆ ನಿಮಗೆ 250 ರೂಪಾಯಿ ಉಳಿಯುತ್ತದೆ, ಅದು ವಾಪಸ್ಸು ಬಂದರೆ ಹೋಗಿ ಬರುವ ಸಾಗಣೆ ಮತ್ತು ಪ್ಯಾಕಿಂಗ್ ಸೇರಿ 180 ರೂಪಾಯಿ ಕೈಬಿಡುತ್ತದೆ ಎಂದಿಟ್ಟುಕೊಳ್ಳಿ. ಬರೀ "ಸಿಲ್ಕ್ ಸ್ಯಾರಿ" ಎಂದು ಬರೆದದ್ದಕ್ಕೆ 10 ಆರ್ಡರ್ ಬಂದವು, ಒಡಲು ಹತ್ತಿಯದೆಂದು ಕಂಡು 3 ವಾಪಸ್ಸಾದವು. ಉಳಿದ 7ರ ಲಾಭ 1,750, ವಾಪಸ್ಸಿನ ಖರ್ಚು 540, ಕೈಗೆ ಸಿಕ್ಕಿದ್ದು 1,210. ಅದೇ ಸೀರೆಗೆ ಇದ್ದದ್ದನ್ನು ಇದ್ದಂತೆ ಬರೆದಾಗ 8 ಆರ್ಡರ್ ಬಂದು ಒಂದೇ ವಾಪಸ್ಸಾಯಿತೆನ್ನಿ. 7ರ ಲಾಭ ಅಷ್ಟೇ 1,750, ಖರ್ಚು 180, ಕೈಗೆ 1,570. ಆರ್ಡರ್ ಎರಡು ಕಡಿಮೆ, ಉಳಿಕೆ 360 ರೂಪಾಯಿ ಹೆಚ್ಚು. ಇದು ಮೊದಲ ತಿಂಗಳ ಮಾತು. ವಾಪಸ್ಸು ಕಳಿಸಿದ ಮೂವರಲ್ಲಿ ಒಬ್ಬರು "ಹೇಳಿದ್ದು ಒಂದು, ಕಳಿಸಿದ್ದು ಇನ್ನೊಂದು" ಎಂದು ಬರೆದು ಒಂದು ಸ್ಟಾರ್ ಕೊಟ್ಟರೆ, ಮುಂದೆ ಬರುವವರು ಮೊದಲು ಓದುವುದು ಅದನ್ನೇ.

ಕಾನೂನೂ ಗಿರಾಕಿಯ ಕಡೆಗಿದೆ. 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ಪ್ರಕಾರ ಮಾರಾಟಗಾರರ ಜಾಹೀರಾತು ಸರಕಿನ ನಿಜವಾದ ಗುಣಲಕ್ಷಣಕ್ಕೆ ಹೊಂದಿಕೆಯಾಗಬೇಕು. ಹೇಳಿದಂತಿಲ್ಲದ ಸರಕನ್ನು ಗಿರಾಕಿ ಮರಳಿಸಿದರೆ ಬೇಡವೆನ್ನುವ ಹಕ್ಕು ನಮಗಿಲ್ಲ.

ಬರೆದದ್ದು ಫಲ ಕೊಡುತ್ತಿದೆಯೇ ಎಂದು ತಿಳಿಯಲು ಪಂಡಿತರು ಬೇಕಿಲ್ಲ. ಮಾರಾಟ ತಾಣದ ನಿಮ್ಮ ಖಾತೆಯಲ್ಲಿ ಲಿಸ್ಟಿಂಗ್ ಎಷ್ಟು ಜನರಿಗೆ ಕಂಡಿತು, ಎಷ್ಟು ಜನ ಒತ್ತಿ ಒಳಗೆ ಬಂದರು, ಎಷ್ಟು ಜನ ಕೊಂಡರು, ಎಷ್ಟು ವಾಪಸ್ಸಾಯಿತು ಎಂಬ ಅಂಕಿಗಳು ಸಿಗುತ್ತವೆ. ಕಂಡದ್ದೇ ಕಡಿಮೆ ಎಂದಾದರೆ ಹೆಸರಿನಲ್ಲಿ ಗಿರಾಕಿಯ ಪದಗಳಿಲ್ಲ. ಕಂಡರೂ ಯಾರೂ ಒತ್ತುತ್ತಿಲ್ಲವಾದರೆ ಹೆಸರಿನ ಮೊದಲ ಭಾಗ, ಫೋಟೋ ಅಥವಾ ಬೆಲೆಯನ್ನು ನೋಡಿ. ಒಳಗೆ ಬಂದು ಕೊಳ್ಳದೆ ಹೋಗುತ್ತಿದ್ದರೆ ಅವರ ಯಾವುದೋ ಪ್ರಶ್ನೆಗೆ ವಿವರದಲ್ಲಿ ಉತ್ತರವಿಲ್ಲ. ಕೊಂಡು ವಾಪಸ್ಸು ಕಳಿಸುತ್ತಿದ್ದರೆ ಉತ್ತರವಿದೆ, ಆದರೆ ಅದು ತಪ್ಪು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಎರಡು ಮೂರು ವಾರ ಬಿಟ್ಟು ಅಂಕಿ ನೋಡಿ. ಹೆಸರು, ಫೋಟೋ, ಬೆಲೆ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯದು. ಹಬ್ಬ, ಮದುವೆಯ ಸೀಸನ್ನಿನ ಏರಿಳಿತವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಆನ್‌ಲೈನಿನಲ್ಲಿ ಮಾರದೆ, ಗೂಗಲ್ ಮ್ಯಾಪ್‌ನಲ್ಲಿ ಅಂಗಡಿಯನ್ನು ಮಾತ್ರ ತೋರಿಸುವವರಿಗೂ ಒಂದು ಮಾತು. ಅಲ್ಲಿ ಅಂಗಡಿಯ ಹೆಸರು ಬೋರ್ಡಿನಲ್ಲಿರುವಂತೆಯೇ ಇರಬೇಕು. ಬೋರ್ಡಿನಲ್ಲಿಲ್ಲದ "ಬೆಸ್ಟ್ ಇಳಕಲ್ ಸ್ಯಾರಿ ಶಾಪ್" ಎಂಬುದನ್ನು ಹೆಸರಿಗೆ ಅಂಟಿಸುವುದು ನಿಯಮಕ್ಕೆ ವಿರುದ್ಧ, ಅದರಿಂದ ನಿಮ್ಮ ಅಂಗಡಿಯ ಪುಟವನ್ನೇ ತಡೆಹಿಡಿಯಬಹುದು. ಏನು ಮಾರುತ್ತೀರಿ ಎಂಬುದನ್ನು ವರ್ಗ ಆರಿಸುವಲ್ಲಿ ಮತ್ತು 750 ಅಕ್ಷರಗಳ ವಿವರದಲ್ಲಿ ಹೇಳಿ. ವಾರದ ರಜೆ ಮತ್ತು ತೆರೆಯುವ ವೇಳೆಯನ್ನು ಸರಿಯಾಗಿ ಹಾಕಿ. ದೂರದಿಂದ ಬಂದು ಮುಚ್ಚಿದ ಬಾಗಿಲು ನೋಡಿದವರು ಮತ್ತೊಮ್ಮೆ ಬರುವುದು ಕಷ್ಟ.

ಎಲ್ಲ ಸರಕನ್ನೂ ಒಂದೇ ದಿನ ತಿದ್ದಲು ಹೋಗಬೇಡಿ. ಅತಿ ಹೆಚ್ಚು ವಾಪಸ್ಸು ಬರುವ ಸರಕನ್ನು ಮೊದಲು ಎತ್ತಿಕೊಳ್ಳಿ. ಕೌಂಟರಿನಲ್ಲಿ ಒಂದು ನೋಟ್‌ಬುಕ್ ಇಟ್ಟು, ಒಂದು ವಾರ ಗಿರಾಕಿಗಳು ಆ ಸರಕಿನ ಬಗ್ಗೆ ಕೇಳಿದ್ದನ್ನೆಲ್ಲ ಅವರ ಮಾತಿನಲ್ಲೇ ಬರೆದುಕೊಳ್ಳಲು ಅಂಗಡಿಯ ಹುಡುಗರಿಗೆ ಹೇಳಿ. ಪದೇ ಪದೇ ಕೇಳಿಬಂದ ಪದಗಳು ಹೆಸರಿಗೆ ಹೋಗಲಿ, ಪ್ರಶ್ನೆಗಳ ಉತ್ತರ ವಿವರಕ್ಕೆ ಹೋಗಲಿ. ವಾಪಸ್ಸು ಬಂದ ಪ್ರತಿ ಸರಕಿನ ಕಾರಣವನ್ನೂ ಅದೇ ಪುಸ್ತಕದಲ್ಲಿ ಬರೆದು, ಅಂದೇ ಆ ಸಾಲನ್ನು ತಿದ್ದಿ. ಸಂಘದ ಮುಂದಿನ ಸಭೆಗೆ ಒಬ್ಬೊಬ್ಬರೂ ತಮ್ಮ ಒಂದೊಂದು ಲಿಸ್ಟಿಂಗ್‌ನ ಹಳೆಯ ಮತ್ತು ಹೊಸ ಸಾಲನ್ನು, ಅವುಗಳ ಅಂಕಿಗಳ ಜೊತೆ ತನ್ನಿ. ಕೂತು ಒಟ್ಟಿಗೆ ನೋಡೋಣ.