ಲೆಕ್ಕದಲ್ಲಿದೆ, ಕಪಾಟಿನಲ್ಲಿಲ್ಲ

ಔಷಧದಂಗಡಿಯೊಂದರ ಕಂಪ್ಯೂಟರ್ ಒಂದು ಮಾತ್ರೆಯ 140 ಸ್ಟ್ರಿಪ್ ಇದೆ ಎನ್ನುತ್ತದೆ, ಎಣಿಸಿದರೆ 112. ಕೊರತೆ 28. ತಕ್ಷಣ ಕಳವು ಎನ್ನಬೇಡಿ, ಕಂಪ್ಯೂಟರಿನ ಅಂಕಿಯನ್ನೂ ತಿದ್ದಬೇಡಿ.

ಮೊದಲು ಬಿಲ್ಲಿಂಗ್ ನಿಲ್ಲಿಸಿ, ಇನ್ನೊಬ್ಬರಿಂದ ಮತ್ತೆ ಎಣಿಸಿ. ಗೋದಾಮಿನಲ್ಲಿ ಒಡೆಯದ ಪೆಟ್ಟಿಗೆಯೊಂದು ಸಿಕ್ಕಿತು: 10 ಸ್ಟ್ರಿಪ್. ಉಳಿದ ಕೊರತೆ 18.

ಈಗ ಕಳೆದ ಎಣಿಕೆಯಿಂದ ಈಚಿನ ಕಾಗದಗಳನ್ನು ಕಂಪ್ಯೂಟರಿನೊಂದಿಗೆ ಹೋಲಿಸಿ. ಅವಧಿ ಮುಗಿದು ವಾಪಸ್ ಕಳಿಸಿದ 5 ಸ್ಟ್ರಿಪ್ ದಾಖಲಾಗಿರಲಿಲ್ಲ, ಉಳಿದದ್ದು 13. ಆರ್ಡರ್ ಮಾಡಿದ್ದು 5 ಪೆಟ್ಟಿಗೆ, ಬಂದದ್ದು 4. ಆದರೆ ಸರಕು ಎಣಿಸದೆ 5 ಎಂದೇ ನಮೂದಿಸಿದ್ದರು. ಅಲ್ಲಿಗೆ ಇನ್ನೂ 10 ಇಳಿಯಿತು.

ಕೊನೆಗೆ ಕಾರಣ ಸಿಗದೆ ಉಳಿದದ್ದು 3. ಅದನ್ನು ಮಾತ್ರ ‘ಕಾರಣ ತಿಳಿಯದು’ ಎಂದು ಬರೆದು, ಮಾಲೀಕರ ಸಹಿಯೊಂದಿಗೆ ಲೆಕ್ಕದಿಂದ ತೆಗೆಯಿರಿ. ದಾಸ್ತಾನು ಈಗ ಎರಡೂ ಕಡೆ 122. ಮುಂದೆ ಸರಕು ಎಣಿಸಿದ ಮೇಲೆಯೇ ನಮೂದಿಸಿ.