ಅಗಲ ಮೊದಲೋ, ಆಳ ಮೊದಲೋ?

ಗ್ರಾಫ್ ಎಂದರೆ ಬಿಂದುಗಳು ಮತ್ತು ಅವುಗಳನ್ನು ಜೋಡಿಸುವ ಗೆರೆಗಳು. ಬಿಂದುಗಳನ್ನು ಊರುಗಳೆಂದೂ ಗೆರೆಗಳನ್ನು ರಸ್ತೆಗಳೆಂದೂ ತಿಳಿಯೋಣ. ಕ, ಚ, ಟ, ತ, ಪ, ಯ, ರ ಎಂಬ ಏಳು ಊರುಗಳಿವೆ. ರಸ್ತೆಗಳು ಕ–ಚ, ಕ–ಟ, ಚ–ತ, ತ–ಪ, ಟ–ಪ ಮತ್ತು ಯ–ರ. ಕ-ದಿಂದ ಪ-ಗೆ ಹೋಗಲು ಕನಿಷ್ಠ ಎಷ್ಟು ರಸ್ತೆ ಬೇಕು?

ಡೆಪ್ತ್ ಫಸ್ಟ್ ಸರ್ಚ್ ಸಿಕ್ಕ ದಾರಿಯಲ್ಲೇ ಕೊನೆಯವರೆಗೂ ನುಗ್ಗುತ್ತದೆ, ದಾರಿ ಮುಗಿದಾಗ ಮಾತ್ರ ಹಿಂದಿರುಗುತ್ತದೆ. ಮೊದಲು ಚ-ದತ್ತ ತಿರುಗಿದರೆ ಕ–ಚ–ತ–ಪ ಎಂದು ಮೂರು ರಸ್ತೆ ಹಿಡಿದು ಪ ತಲುಪುತ್ತದೆ. ದಾರಿ ಸರಿಯೇ, ಆದರೆ ಅತಿ ಚಿಕ್ಕದಲ್ಲ.

ಬ್ರೆಡ್ತ್ ಫಸ್ಟ್ ಸರ್ಚ್ ಊರುಗಳನ್ನು ಸರತಿಯಲ್ಲಿ ನಿಲ್ಲಿಸುತ್ತದೆ. ಮೊದಲು ಒಂದು ರಸ್ತೆ ದೂರದ ಚ, ಟ. ಅವು ಮುಗಿದ ಮೇಲೆ ಎರಡು ರಸ್ತೆ ದೂರದ ತ, ಪ. ಹತ್ತಿರದವೆಲ್ಲ ಮುಗಿಯದೆ ದೂರದವು ಬರುವಂತಿಲ್ಲ. ಹಾಗಾಗಿ ಪ ಮೊದಲ ಬಾರಿ ಕಂಡಾಗ ಸಿಗುವ ಎರಡೇ ಕನಿಷ್ಠ ಉತ್ತರ. ಊರನ್ನು ಸರತಿಗೆ ಸೇರಿಸುವಾಗಲೇ ಗುರುತು ಹಾಕಬೇಕು. ತಡಮಾಡಿದರೆ ಪ ಒಮ್ಮೆ ಟ-ದಿಂದ, ಇನ್ನೊಮ್ಮೆ ತ-ದಿಂದ ಹೀಗೆ ಎರಡು ಸಲ ಸೇರುತ್ತದೆ.

ಒಂದಕ್ಕೊಂದು ತಲುಪಬಲ್ಲ ಊರುಗಳ ಗುಂಪು ಎಷ್ಟು ಎಂಬ ಪ್ರಶ್ನೆಗೆ ಎರಡೂ ವಿಧಾನ ಸಮಾನ. ಕ-ದಿಂದ ಹೊರಟರೆ ಐದು ಊರಿಗೆ ಗುರುತು ಬೀಳುತ್ತದೆ. ಉಳಿದ ಯ-ದಿಂದ ಮತ್ತೆ ಹೊರಟರೆ ರ ಸಿಗುತ್ತದೆ. ಎರಡು ಸಲ ಹೊರಟೆವು, ಗುಂಪುಗಳೂ ಎರಡು. ಇಲ್ಲಿ ಡೆಪ್ತ್ ಫಸ್ಟ್ ಬರೆಯುವುದು ಸುಲಭ. ಆದರೆ ಉದ್ದ ಸರಪಳಿಯಂಥ ಗ್ರಾಫ್‌ನಲ್ಲಿ, ತನ್ನನ್ನೇ ಕರೆದುಕೊಳ್ಳುವ ಫಂಕ್ಷನ್ ಮಿತಿ ಮೀರಿ ನಿಂತುಬಿಡಬಹುದು. ಪೈಥಾನ್‌ನಲ್ಲಿ ಆ ಮಿತಿ ಸಾಮಾನ್ಯವಾಗಿ 1000.

ರಸ್ತೆಗಳ ಕಿಲೋಮೀಟರ್ ಬೇರೆಬೇರೆಯಾದರೆ ಚಿಕ್ಕ ದಾರಿಗೆ ಈ ಎರಡೂ ಸಾಲವು. ಅಲ್ಲಿ 1959ರಲ್ಲಿ ಪ್ರಕಟವಾದ ಡೈಕ್‌ಸ್ಟ್ರಾ ವಿಧಾನವೇ ಬೇಕು.