ಹತ್ತು ರೂಪಾಯಿ 9.17 ಆಗುವ ಬಗೆ

ಕಂಪನಿಯೊಂದರ ಲಾಭ 1 ಕೋಟಿ, ಷೇರು 10 ಲಕ್ಷ ಎನ್ನೋಣ. ಷೇರಿಗೆ ಗಳಿಕೆ 10 ರೂಪಾಯಿ. ಆದರೆ ನೌಕರರ ಕೈಯಲ್ಲಿ 60 ರೂಪಾಯಿಗೆ ಷೇರು ಕೊಳ್ಳುವ 1 ಲಕ್ಷ ಆಪ್ಷನ್‌ಗಳಿವೆ. ವರ್ಷದ ಸರಾಸರಿ ಮಾರುಕಟ್ಟೆ ಬೆಲೆ 100. ಅವರು ಕೊಡುವ 60 ಲಕ್ಷದಲ್ಲಿ ಕಂಪನಿ 60,000 ಷೇರು ಮರಳಿ ಕೊಂಡಿತೆಂದು ಭಾವಿಸಿದರೆ, ಪುಕ್ಕಟೆ ಹೋದಂತಾಗುವುದು 40,000 ಮಾತ್ರ. ಗಳಿಕೆ 9.62ಕ್ಕೆ ಇಳಿಯಿತು.

ಇನ್ನು 12% ಬಡ್ಡಿಯ 50 ಲಕ್ಷದ ಪರಿವರ್ತನೀಯ ಡಿಬೆಂಚರು. ವರ್ಷಾರಂಭದಲ್ಲೇ ಅವು 1 ಲಕ್ಷ ಷೇರುಗಳಾಗಿದ್ದರೆ 6 ಲಕ್ಷ ಬಡ್ಡಿ ಉಳಿಯುತ್ತಿತ್ತು. 25% ತೆರಿಗೆ ಕಳೆದು 4.5 ಲಕ್ಷ. ತೆರಿಗೆ ಮರೆಯುವವರೇ ಹೆಚ್ಚು! ಹೊಸ ಷೇರಿಗೆ 4.50 ರೂಪಾಯಿ, 9.62ಕ್ಕಿಂತ ಕಡಿಮೆ. ಹಾಗಾಗಿ ಸೇರಿಸಬೇಕು: 1,04,50,000 ಭಾಗಿಸು 11,40,000, ಅಂದರೆ 9.17. ಬರುವುದು 40,000 ಷೇರು ಮಾತ್ರವಾಗಿದ್ದರೆ ತಲಾ 11.25 ಆಗಿ ಗಳಿಕೆ ಏರುತ್ತಿತ್ತು. ಆಗ ಡಿಬೆಂಚರನ್ನು ಲೆಕ್ಕದಿಂದ ಹೊರಗಿಡಬೇಕು.